‘ನನಗೆ ಹಸಿವು’ ಎನ್ನುವವರ ಕೊರಿಯನ್

ಪತ್ರ: ಮಾನ್ಯ ಸಂಪಾದಕರೇ, ಕೊರಿಯನ್ ಕಲಿಯುತ್ತಿದ್ದೇನೆ. ‘ನುನ್’, ‘ಗಾ’ ಎರಡೂ ನಮ್ಮ ಪ್ರಥಮಾ ವಿಭಕ್ತಿಯ ‘ಉ’ ತಾನೇ? ಒಂದೇ ಕೆಲಸಕ್ಕೆ ಎರಡೇಕೆ? ಯಾವುದಾದರೂ ಒಂದನ್ನು ಹಾಕಿದರೆ ಸಾಲದೇ?

ಉತ್ತರ: ‘ಗಾ’ದ ಮಟ್ಟಿಗೆ ನಿಮ್ಮ ಮಾತು ಒಪ್ಪುವಂಥದ್ದು. ಅದು ಕರ್ತೃವನ್ನು ತೋರಿಸುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ‘ಇ’ ಆಗುತ್ತದೆ. ಆದರೆ ‘ನುನ್’ (ವ್ಯಂಜನದ ಮೇಲೆ ‘ಉನ್’) ವಿಭಕ್ತಿಯೇ ಅಲ್ಲ. ಅದು ನಮ್ಮ ‘ಅಂತೂ’, ‘ಏನೋ’ಗಳ ಹತ್ತಿರದ ನೆಂಟ. ‘ಮನೆಯಲ್ಲಂತೂ’ ಎನ್ನುವಾಗ ಸಪ್ತಮಿಯ ಮೇಲೆ ‘ಅಂತೂ’ ಕೂರುತ್ತದಲ್ಲ, ಹಾಗೆಯೇ ಅಲ್ಲಿ ‘ಚಿಬೆಸೊ’ (ಮನೆಯಲ್ಲಿ) ಮೇಲೆ ‘ನುನ್’ ಕೂತು ‘ಚಿಬೆಸೊನುನ್’ ಆಗುತ್ತದೆ. ‘ಗಾ’ ಸಾಮಾನ್ಯವಾಗಿ ಹಾಗೆ ಕೂರುವುದಿಲ್ಲ.

ಒಂದನ್ನೇ ಹಾಕಿದರೆ ಏನಾಗುತ್ತದೆ? ‘ನುಗಾ ವಾಸ್ಸೊಯೊ?’ (ಯಾರು ಬಂದರು?) ಎಂದು ಕೇಳಿದವರಿಗೆ ‘ಮಿನ್ಸುಗಾ ವಾಸ್ಸೊಯೊ’ ಎನ್ನಬೇಕು, ಬಂದದ್ದು ಮಿನ್ಸು ಎಂದರ್ಥ. ‘ಮಿನ್ಸುನುನ್’ ಎಂದಿರೋ, ‘ಮಿನ್ಸು ಏನೋ ಬಂದ’ ಎಂದಂತೆ. ಮಿಕ್ಕವರ ಕಥೆಯೇನು ಎಂದು ಕೇಳಿದವರು ಕಾಯುತ್ತಾರೆ.

ನಿಮ್ಮ ಪುಸ್ತಕ ಇಂಗ್ಲಿಷಿನದ್ದೇ ಇರಬೇಕು. ಅಲ್ಲಿ ‘ಚೊನುನ್ ಪೇಗಾ ಗೊಫಾಯೊ’ ಎಂಬ ವಾಕ್ಯ ಬಂದರೆ, ಒಂದೇ ವಾಕ್ಯದಲ್ಲಿ ಎರಡು ಕರ್ತೃಗಳೇ ಎಂದು ದೊಡ್ಡ ಬೆರಗು. ಕನ್ನಡದವರಿಗೆ ಇದರಲ್ಲಿ ಬೆರಗೇನಿದೆ? ‘ನನಗೆ ಹೊಟ್ಟೆ ಹಸಿದಿದೆ’, ಅಷ್ಟೆ. ಹಸಿದದ್ದು ಹೊಟ್ಟೆ, ಅದಕ್ಕೆ ‘ಗಾ’. ಅನುಭವ ಯಾರದೋ ಅವರಿಗೆ ‘ನುನ್’. ‘ನನಗೆ ಸಮಯವಿಲ್ಲ’ ಎಂಬುದು ‘ಚೊನುನ್ ಶಿಗಾನಿ ಒಪ್ಸೊಯೊ’. ‘ಆನೆಗೆ ಸೊಂಡಿಲು ಉದ್ದ’ ಎಂಬುದು ‘ಖೊಕ್ಕಿರಿನುನ್ ಖೊಗಾ ಗಿರೊಯೊ’. ನಮ್ಮ ಚತುರ್ಥಿ ನಿಂತ ಕಡೆ ಅವರ ‘ನುನ್’ ನಿಂತಿದೆ.

ಕನ್ನಡಿಗರು ಎಡವುವುದೂ ಇಲ್ಲೇ. ‘ಗೆ’ ಎಂದರೆ ‘ಹಾಂಥೆ’ ಎಂದು ಉರುಹೊಡೆದವರು ‘ಚೊಹಾಂಥೆ ಪೇಗಾ ಗೊಫಾಯೊ’ ಎನ್ನುತ್ತಾರೆ. ತಪ್ಪು. ‘ಹಾಂಥೆ’ ಮುಖ್ಯವಾಗಿ ಬರುವುದು ಕೊಡುವುದು, ಹೇಳುವುದು, ಕಳಿಸುವುದು ಇದ್ದು, ಪಡೆಯುವವರೊಬ್ಬರಿದ್ದಾಗ. ಹಸಿವನ್ನು ನಿಮಗೆ ಯಾರೂ ಕೊಡುತ್ತಿಲ್ಲವಲ್ಲ!

ಇನ್ನೊಂದು ಜೋಡಿ ನೋಡಿ. ‘ನನಗೆ ಕಿಮ್ಚಿ ಇಷ್ಟ’ ಎಂಬುದು ‘ಚೊನುನ್ ಕಿಮ್ಚಿಗಾ ಚೊಆಯೊ’. ‘ನಾನು ಕಿಮ್ಚಿಯನ್ನು ಇಷ್ಟಪಡುತ್ತೇನೆ’ ಎಂಬುದು ‘ಚೊನುನ್ ಕಿಮ್ಚಿರುಲ್ ಚೊಆಹೆಯೊ’. ‘ಇಷ್ಟ’ ಕ್ರಿಯಾಪದವಾದೊಡನೆ ನಮ್ಮಲ್ಲಿ ‘ಅನ್ನು’, ಅವರಲ್ಲಿ ‘ರುಲ್’. ‘ನನಗೆ’ ಹೋಗಿ ‘ನಾನು’ ಬಂದರೂ ಅವರ ‘ಚೊನುನ್’ ಅಲುಗಲಿಲ್ಲ. ಅದು ವಿಭಕ್ತಿಯಲ್ಲ ಎಂಬುದಕ್ಕೆ ಇದೂ ಸಾಕ್ಷಿ.

ಇಷ್ಟು ಹತ್ತಿರದ ದಾರಿಯಿರುವಾಗ ಲಂಡನ್ನಿನ ಮೇಲೆ ಸುತ್ತಿ ಸೋಲ್‌ಗೆ ಹೋಗುವ ಅಭ್ಯಾಸ ನಮಗೆ ಯಾಕಂಟಿತೋ. ನಮ್ಮ ಶಾಲಾ ವ್ಯಾಕರಣದ್ದೂ ಪಾಲಿದೆ: ಸಂಸ್ಕೃತದ ಅಚ್ಚಿನಲ್ಲಿ ಏಳು ವಿಭಕ್ತಿಗಳ ಪಟ್ಟಿ ಬಾಯಿಪಾಠ ಮಾಡಿಸಿ, ಚತುರ್ಥಿಗೆ ‘ಸಂಪ್ರದಾನ’ ಎಂದು ಹೆಸರಿಟ್ಟು ಕೈತೊಳೆದುಕೊಂಡರೆ, ದಾನವೇ ಇಲ್ಲದ ‘ನನಗೆ ಚಳಿ’ಯನ್ನು ಹುಡುಗರು ಎಲ್ಲಿಡಬೇಕು?

ಅಂದಹಾಗೆ, ‘ಚೊ’ಗೆ ‘ಗಾ’ ಸೇರಿದರೆ ‘ಚೊಗಾ’ ಅಲ್ಲ, ‘ಚೆಗಾ’. ‘ನಾನು’ವಿಗೆ ‘ಗೆ’ ಸೇರಿ ‘ನನಗೆ’ ಆಗುವುದನ್ನು ಸಹಿಸಿಕೊಂಡವರು ಇದನ್ನೂ ಸಹಿಸಬೇಕು.