ವಿಪಿಎನ್ ಸಮಸ್ಯೆಗೆ ಐಟಿಯವರಿಗೆ ಮೇಲ್ ಬರೆಯುವುದು ಹೇಗೆ?

ಪ್ರಶ್ನೆ: "ವಿಪಿಎನ್ ಬರ್ತಿಲ್ಲ ಅಂತ ಐಟಿಯವರಿಗೆ ಮೇಲ್ ಹಾಕಿದ್ರೆ ಅವರ ಪ್ರಶ್ನೆಗಳಲ್ಲೇ ದಿನ ಕಳೆಯುತ್ತೆ. ಹೇಗೆ ಬರೆದ್ರೆ ಬೇಗ ಸರಿಯಾಗುತ್ತೆ?"

ಅವರು ಕೇಳಲಿರುವುದನ್ನು ಮೊದಲ ಮೇಲ್‌ನಲ್ಲೇ ಹೇಳಿಬಿಡಿ. ಉದಾಹರಣೆಗೆ:

ವಿಷಯ: ಮನೆಯಿಂದ ವಿಪಿಎನ್ ಕನೆಕ್ಟ್ ಆಗುತ್ತಿಲ್ಲ, Error 809, ಇಂದು ಸಂಜೆ 4ರೊಳಗೆ ಬೇಕು

ನಮಸ್ಕಾರ, ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಬೆಳಿಗ್ಗೆ 9:10ರಿಂದ ವಿಪಿಎನ್ ಕನೆಕ್ಟ್ ಆಗುತ್ತಿಲ್ಲ. ನಿನ್ನೆ ಮನೆಗೆ ಹೊಸ ರೂಟರ್ ಹಾಕಿಸಿದ್ದೇನೆ. ಲ್ಯಾಪ್‌ಟಾಪ್, ರೂಟರ್ ಎರಡನ್ನೂ ರೀಸ್ಟಾರ್ಟ್ ಮಾಡಿದರೂ ಅದೇ ಎರರ್. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕನೆಕ್ಟ್ ಆಗುತ್ತದೆ, ಆದರೆ ಸಿಗ್ನಲ್ ಆಗಾಗ ಹೋಗುತ್ತದೆ. ಸಂಜೆ 4ಕ್ಕೆ ಸಂಬಳದ ಫೈಲ್ ಬ್ಯಾಂಕಿಗೆ ಕಳಿಸಬೇಕು. 2ರಿಂದ 3ರವರೆಗೆ ಮೀಟಿಂಗ್ ಇದೆ, ಉಳಿದಂತೆ ಫೋನಿಗೆ ಸಿಗುತ್ತೇನೆ.

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಹಾಟ್‌ಸ್ಪಾಟ್‌ನ ಸಾಲು. ಪಾಸ್‌ವರ್ಡ್, ಸರ್ವರ್ ಎರಡೂ ಸರಿಯಿವೆ, ತೊಂದರೆ ಮನೆಯ ನೆಟ್‌ವರ್ಕ್‌ನಲ್ಲಿದೆ ಎಂದು ಅದು ಬಹುಮಟ್ಟಿಗೆ ಹೇಳಿಬಿಡುತ್ತದೆ. 809 ಸಾಮಾನ್ಯವಾಗಿ ರೂಟರ್ ಅಥವಾ ಫೈರ್‌ವಾಲ್ ವಿಪಿಎನ್ ಬಳಸುವ ಯುಡಿಪಿ 500, 4500 ಪೋರ್ಟ್‌ಗಳನ್ನು ತಡೆದಾಗ ಬರುವ ಎರರ್, ಹಾಗಾಗಿ ಅವರು ನೇರ ಅಲ್ಲಿಗೇ ಹೋಗುತ್ತಾರೆ.

ಎರರ್ ಸಂದೇಶವನ್ನು ಅಕ್ಷರಶಃ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ಜೊತೆಗಿರಲಿ. ಚಿತ್ರದಿಂದ ಕಾಪಿ ಮಾಡಿ ಹುಡುಕುವುದು ಅವರಿಗೆ ಕಷ್ಟ. ಬರೀ 'ಅರ್ಜೆಂಟ್' ಎಂದರೆ ಸಾಲದು, ಯಾವ ಕೆಲಸ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಬರೆಯಿರಿ. ಪಾಸ್‌ವರ್ಡ್ ಮಾತ್ರ ಎಂದೂ ಬರೆಯಬೇಡಿ.