ವೃಷಣದ ದಿಢೀರ್ ನೋವು ಮತ್ತು ಸ್ಕ್ಯಾನ್

ಪ್ರಶ್ನೆ: ವೃಷಣ ಇದ್ದಕ್ಕಿದ್ದಂತೆ ನೋಯತೊಡಗಿದರೆ ಬೆಳಿಗ್ಗೆ ಸ್ಕ್ಯಾನ್ ಮಾಡಿಸಿದರೆ ಸಾಲದೇ?

ಸಾಲದು, ಆ ಗಳಿಗೆಯಲ್ಲೇ ಹೊರಡಬೇಕು. ವೃಷಣ ತಿರುಚಿಕೊಂಡರೆ ಅದಕ್ಕೆ ರಕ್ತ ತರುವ ನಾಳಗಳೂ ಹಗ್ಗದಂತೆ ಹುರಿಗೊಂಡು ಮುಚ್ಚಿಹೋಗುತ್ತವೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಿಂದ ಬಿಡಿಸಿದರೆ ವೃಷಣ ಬಹುತೇಕ ಉಳಿಯುತ್ತದೆ. ತಡವಾದಷ್ಟೂ ಆ ಸಾಧ್ಯತೆ ಕುಸಿಯುತ್ತದೆ. ಮುಧೋಳದ ಕಡೆಯ ಹುಡುಗನೊಬ್ಬ ರಾತ್ರಿ 2ಕ್ಕೆ ನೋವು, ವಾಂತಿಯಿಂದ ಎದ್ದನೆನ್ನಿ. ಬೆಳಿಗ್ಗೆ 10ಕ್ಕೆ ಸ್ಕ್ಯಾನ್ ಕೇಂದ್ರ ತೆರೆಯುವಷ್ಟರಲ್ಲಿ 8 ಗಂಟೆ ಕಳೆದಿರುತ್ತದೆ. ರಾತ್ರಿಯೂ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೇ ಅವನನ್ನು ನೇರವಾಗಿ ಒಯ್ಯಬೇಕು. ನಾಚಿಕೆಯಿಂದ ಬರೀ ‘ಹೊಟ್ಟೆನೋವು’ ಎನ್ನುವ ಹುಡುಗರಿದ್ದಾರೆ, ಬಿಡಿಸಿ ಕೇಳಿ.

ಡಾಪ್ಲರ್ ಸ್ಕ್ಯಾನ್ ರಕ್ತದ ಹರಿವನ್ನು ತೋರಿಸುತ್ತದೆ. ಆದರೆ ಅರ್ಧಂಬರ್ಧ ತಿರುಚಿದ್ದರೆ ಹರಿವು ಕಾಣಿಸಿಯೂ ಅಪಾಯ ಇರಬಹುದು. ಅನುಮಾನ ಬಲವಾಗಿದ್ದರೆ ವೈದ್ಯರು ಸ್ಕ್ಯಾನಿಗೆ ಕಾಯದೆ ತೆರೆದು ನೋಡುತ್ತಾರೆ. ಊದಿದ ರಕ್ತನಾಳಗಳ ವೆರಿಕೋಸೀಲ್, ನೀರು ತುಂಬಿದ ನೋವಿಲ್ಲದ ಗಂಟು ಇವುಗಳಿಗೆ ಮಾತ್ರ ಹಗಲು ಹೊತ್ತಿನ ಸ್ಕ್ಯಾನ್ ಸಾಕು.