ಎಲ್‌ಡಿಎಲ್ ನಾರ್ಮಲ್ ಆದ ಮೇಲೆ ಸ್ಟ್ಯಾಟಿನ್ ಬಿಡಬಹುದಾ?

"ಅಟೊರ್ವಾಸ್ಟ್ಯಾಟಿನ್ 20 ತಗೊಂಡು ಎಲ್‌ಡಿಎಲ್ 168ರಿಂದ 95ಕ್ಕೆ ಇಳಿದಿದೆ. ಇನ್ನು ಮಾತ್ರೆ ನಿಲ್ಲಿಸಬಹುದಾ?"

ನೀವಾಗಿಯೇ ನಿಲ್ಲಿಸಬೇಡಿ. ಆ 95 ಬಂದಿರುವುದು ಮಾತ್ರೆಯಿಂದ ಅಲ್ವಾ? ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಸ್ಟ್ಯಾಟಿನ್ ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಜಾಸ್ತಿ ಎಳೆದುಕೊಳ್ಳುತ್ತದೆ, ಎಲ್‌ಡಿಎಲ್ ಇಳಿಯುತ್ತದೆ. ಮಾತ್ರೆ ಬಿಟ್ಟರೆ ಸುಮಾರು 4ರಿಂದ 6 ವಾರದಲ್ಲಿ ಮತ್ತೆ 160ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೈಗೆ ಏನೂ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆಯಲ್ಲಷ್ಟೇ ಕಾಣುತ್ತದೆ.

ಹಾರ್ಟ್ ಅಟ್ಯಾಕ್ ಅಥವಾ ಸ್ಟೆಂಟ್ ಆಗಿದ್ದರಂತೂ ಬಿಡುವ ಯೋಚನೆಯೇ ಬೇಡ. ಅಂಥದ್ದೇನೂ ಇಲ್ಲದೆ, ತೂಕ ಚೆನ್ನಾಗಿ ಇಳಿಸಿದ್ದರೆ ಡಾಕ್ಟರ್ ಹತ್ತಿರ ಕೇಳಿ ನೋಡಿ. ಅವರು ಒಪ್ಪಿ ನಿಲ್ಲಿಸಿದರೆ 6ರಿಂದ 8 ವಾರ ಬಿಟ್ಟು ಲಿಪಿಡ್ ಪ್ರೊಫೈಲ್ ಮಾಡಿಸಿ. ಮೈಕೈ ನೋವಿಗೆ ಬೇಸತ್ತು ಕೇಳುತ್ತಿದ್ದರೆ ಅದನ್ನೂ ಹೇಳಿ. ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು.